ದುಡ್ಡು ಬರಬೇಕಾದರೆ ಪಿನ್ ಯಾಕೆ? ಹಳೇ ಸಾಮಾನು ಮಾರುವವರು ತಿಳಿದಿರಬೇಕಾದ ಯುಪಿಐ ಮೋಸ

ಮನೆ ಬದಲಿಸುವಾಗ ಫ್ರಿಜ್, ಸೋಫಾ, ಮಗುವಿನ ಸೈಕಲ್ಲಿನ ಫೋಟೊ ತೆಗೆದು ಓಎಲ್‌ಎಕ್ಸ್‌ಗೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗೋ ಹಾಕುತ್ತೇವೆ. ಸ್ವಲ್ಪ ಹೊತ್ತಿನಲ್ಲೇ ಒಂದು ಫೋನ್ ಬರುತ್ತದೆ. ಆ ಕಡೆಯವನು ಚೌಕಾಸಿ ಮಾಡುವುದಿಲ್ಲ. ವಸ್ತುವನ್ನು ನೋಡಬೇಕು ಅನ್ನುವುದೂ ಇಲ್ಲ. ಹೇಳಿದ ರೇಟಿಗೆ ಒಪ್ಪಿ, ಈಗಲೇ ದುಡ್ಡು ಹಾಕುತ್ತೇನೆ ಅನ್ನುತ್ತಾನೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸುತ್ತಾನೆ, ಇಲ್ಲವೇ ಒಂದು ಲಿಂಕ್. ಅದನ್ನು ಒತ್ತಿ ಪಿನ್ ಹಾಕಿದರೆ ದುಡ್ಡು ನಿಮ್ಮ ಖಾತೆಗೆ ಬರುತ್ತದೆ ಅನ್ನುವುದು ಅವನ ಮಾತು. ಪಿನ್ ಹಾಕಿದ ಕೂಡಲೇ ದುಡ್ಡು ಹೋಗುತ್ತದೆ.

ಇದಕ್ಕೆ ಬೀಳುವವರೆಲ್ಲ ಓದು ಬರದವರು ಅಂದುಕೊಳ್ಳಬೇಡಿ. 2021ರ ಫೆಬ್ರವರಿಯಲ್ಲಿ, ಆಗ ದೆಹಲಿಯ ಮುಖ್ಯಮಂತ್ರಿಯಾಗಿದ್ದ ಅರವಿಂದ್ ಕೇಜ್ರಿವಾಲ್ ಅವರ ಮಗಳು ಆನ್‌ಲೈನಿನಲ್ಲಿ ಸೋಫಾ ಮಾರಲು ಹೋಗಿ ಇದೇ ರೀತಿ 34,000 ರೂಪಾಯಿ ಕಳೆದುಕೊಂಡರು. ಮೊದಲು ಖಾತೆ ಸರಿಯಿದೆಯಾ ನೋಡುತ್ತೇನೆ ಅಂತ ಒಂದು ಸಣ್ಣ ಮೊತ್ತ ಬಂತು. ನಂತರ ಬಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ 20,000 ಹೋಯಿತು. ತಪ್ಪು ಕೋಡ್ ಕಳಿಸಿಬಿಟ್ಟೆ ಅಂತ ಇನ್ನೊಂದು ಕಳಿಸಿದ. ಅದರಲ್ಲಿ 14,000 ಹೋಯಿತು. ಹೆಸರು, ಊರು, ಮಾರುವ ವಸ್ತು ಬೇರೆಯಾದರೂ ಈ ಮೋಸ ಸಾಮಾನ್ಯವಾಗಿ ಇದೇ ದಾರಿಯಲ್ಲಿ ನಡೆಯುತ್ತದೆ.

## ಮೊದಲು ದುಡ್ಡಿನ ದಿಕ್ಕು ತಿಳಿಯಿರಿ

ತರಕಾರಿ ಗಾಡಿಯವರನ್ನು ನೋಡಿ. ಗಾಡಿಯ ಕಂಬಕ್ಕೆ ಒಂದು ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ದಿನವಿಡೀ ಜನ ಸ್ಕ್ಯಾನ್ ಮಾಡಿ ದುಡ್ಡು ಹಾಕುತ್ತಾರೆ. ಅವರ ಫೋನು ಜೇಬಿನಲ್ಲಿರುತ್ತದೆ, ಒಮ್ಮೊಮ್ಮೆ ಸ್ವಿಚ್ ಆಫ್ ಕೂಡ ಆಗಿರುತ್ತದೆ. ಆದರೂ ದುಡ್ಡು ಖಾತೆಗೆ ಬಂದು ಬೀಳುತ್ತದೆ. ಅವರು ಏನನ್ನೂ ಸ್ಕ್ಯಾನ್ ಮಾಡುವುದಿಲ್ಲ, ಪಿನ್ ಹಾಕುವುದಿಲ್ಲ, ಯಾವುದಕ್ಕೂ ಒಪ್ಪಿಗೆ ಕೊಡುವುದಿಲ್ಲ.

ಯುಪಿಐ 2016ರಲ್ಲಿ ಶುರುವಾದಾಗಿನಿಂದಲೂ ಹೀಗೇ ಇದೆ. ಸ್ಕ್ಯಾನ್ ಮಾಡುವವರು ಕೊಡುವವರು. ಸ್ಕ್ಯಾನ್ ಮಾಡಿಸಿಕೊಳ್ಳುವವರು ಪಡೆಯುವವರು. ಇನ್ನು 4 ಅಥವಾ 6 ಅಂಕಿಯ ಯುಪಿಐ ಪಿನ್ ಅಂದರೆ ನಿಮ್ಮ ಬ್ಯಾಂಕಿಗೆ ನೀವು ಕೊಡುವ ಅಪ್ಪಣೆ: ನನ್ನ ಖಾತೆಯಿಂದ ಇಷ್ಟು ತೆಗೆದು ಇವರಿಗೆ ಕೊಡಿ. ದುಡ್ಡು ಕಳಿಸುವಾಗ ಅದು ಬೇಕು. ಬ್ಯಾಲೆನ್ಸ್ ನೋಡುವಾಗ ಬೇಕು. ತಿಂಗಳು ತಿಂಗಳು ದುಡ್ಡು ಕಡಿತವಾಗುವ ಆಟೋಪೇಗೆ ಒಪ್ಪಿಗೆ ಕೊಡುವಾಗ ಬೇಕು. ದುಡ್ಡು ಪಡೆಯುವಾಗ ಮಾತ್ರ ಅದರ ಕೆಲಸವೇ ಇಲ್ಲ. ಪಡೆಯಲು ಪಿನ್ ಕೇಳುವ ದಾರಿಯೇ ಯುಪಿಐನಲ್ಲಿ ಇಲ್ಲ. ಆರ್ಮಿ ಖಾತೆ, ಕಂಪನಿ ಖಾತೆ, ಬಿಸಿನೆಸ್ ಖಾತೆ ಅಂತ ಯಾವ ವಿನಾಯಿತಿಯೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಪಿನ್ ಕೇಳಲಿಲ್ಲ ಅಂದಮಾತ್ರಕ್ಕೆ ದುಡ್ಡು ಹೋಗುವುದಿಲ್ಲ ಅಂತಲೂ ಅಲ್ಲ. ಯುಪಿಐ ಲೈಟ್ ಹಾಕಿಕೊಂಡಿದ್ದರೆ ಸಣ್ಣ ಮೊತ್ತಗಳು ಪಿನ್ ಇಲ್ಲದೇ ಹೋಗುತ್ತವೆ. 2025ರ ಅಕ್ಟೋಬರ್‌ನಿಂದ ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ಪಾವತಿ ಮಾಡುವ ಅವಕಾಶವೂ ಬಂದಿದೆ. ಹಾಗಾಗಿ ಪಿನ್ ಅನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಲದು. ದುಡ್ಡು ಬರಬೇಕಾದ ಹೊತ್ತಿನಲ್ಲಿ ನಿಮ್ಮ ಪೇಮೆಂಟ್ ಆಪ್ ನಿಮ್ಮಿಂದ ಏನೇ ಕೇಳಿದರೂ, ಅದು ಪಿನ್ ಆಗಿರಲಿ, ಬೆರಳಾಗಿರಲಿ, ಒಂದು ಬಟನ್ ಒತ್ತುವುದಾಗಿರಲಿ, ಅಲ್ಲಿಗೆ ಕೈ ತೆಗೆಯಿರಿ.

## ಐದು ರೂಪಾಯಿಯ ಟೆಸ್ಟ್

ಇಷ್ಟು ಸರಳವಾದ ವಿಷಯ ಗೊತ್ತಿದ್ದರೂ ಜನ ಯಾಕೆ ಬೀಳುತ್ತಾರೆ? ಇದಕ್ಕೆ ಉತ್ತರ ಆ ಟೆಸ್ಟಿನಲ್ಲಿದೆ. ಮೋಸದ ನಿಜವಾದ ಕೈಚಳಕ ಅಲ್ಲೇ ಇರುವುದರಿಂದ ಒಂದು ಉದಾಹರಣೆಯನ್ನು ನಿಧಾನವಾಗಿ ನೋಡೋಣ.

ಹುಬ್ಬಳ್ಳಿಯ ಒಬ್ಬ ಟೀಚರ್ ತಮ್ಮ ವಾಷಿಂಗ್ ಮಷೀನನ್ನು 8,500 ರೂಪಾಯಿಗೆ ಮಾರಲು ಹಾಕಿದ್ದಾರೆ ಅಂದುಕೊಳ್ಳಿ. ಫೋನ್ ಬರುತ್ತದೆ. ಮಾತು ಹಿಂದಿಯಲ್ಲಿರಬಹುದು, ಹರಕುಮುರುಕು ಕನ್ನಡದಲ್ಲೂ ಇರಬಹುದು.

"ಮೇಡಂ, ನಾನು ಆರ್ಮಿಯಲ್ಲಿದ್ದೀನಿ. ಬೆಳಗಾವಿಗೆ ಪೋಸ್ಟಿಂಗ್ ಆಗಿದೆ, ಫ್ಯಾಮಿಲಿ ಬರ್ತಾ ಇದೆ. ಮಷೀನ್ ನನಗೇ ಇರಲಿ. ನಾಳೆ ನಮ್ಮ ಗಾಡಿ ಬಂದು ತಗೊಂಡು ಹೋಗುತ್ತೆ. ದುಡ್ಡು ಈಗಲೇ ಹಾಕ್ತೀನಿ."

ವಾಟ್ಸಾಪಿಗೆ ಒಂದು ಗುರುತಿನ ಚೀಟಿ ಬರುತ್ತದೆ. ಯೂನಿಫಾರಂ ಹಾಕಿದ ಫೋಟೊ, ಕ್ಯಾಂಟೀನ್ ಕಾರ್ಡ್ ಕೂಡ ಬರಬಹುದು. ಅವು ಬೇರೆ ಯಾರದ್ದೋ ಆಗಿರುತ್ತವೆ, ಇಲ್ಲವೇ ಎಡಿಟ್ ಮಾಡಿದವು. ಸೈನಿಕರ ವೇಷವನ್ನೇ ಯಾಕೆ ಆರಿಸಿಕೊಳ್ಳುತ್ತಾರೆ ಅಂದರೆ ಎರಡು ಅನುಕೂಲ ಇದೆ. ನಮಗೆ ಅವರ ಮೇಲೆ ಗೌರವ ಇದೆ, ಸಂಶಯಪಡಲು ಮನಸ್ಸು ಬರುವುದಿಲ್ಲ. ಜೊತೆಗೆ ತಾನು ಬಂದು ವಸ್ತು ನೋಡದೇ ಇರುವುದಕ್ಕೂ, ಪಾವತಿಯ ರೀತಿ ವಿಚಿತ್ರವಾಗಿರುವುದಕ್ಕೂ ಒಂದೇ ಕಾರಣ ಸಿಕ್ಕಿಬಿಡುತ್ತದೆ: "ನಮ್ಮಲ್ಲಿ ರೂಲ್ಸ್ ಹೀಗೇ ಮೇಡಂ."

ಟೀಚರ್ ತಮ್ಮ ನಂಬರಿಗೆ ದುಡ್ಡು ಹಾಕಲು ಹೇಳುತ್ತಾರೆ. ಅವನು ಹಾಕುವುದಿಲ್ಲ. "ಆರ್ಮಿ ಅಕೌಂಟ್ ಮೊದಲು ನಿಮ್ಮ ಅಕೌಂಟಿಗೆ ಲಿಂಕ್ ಆಗಬೇಕು. ಒಂದು ಕೋಡ್ ಕಳಿಸ್ತೀನಿ, ಟೆಸ್ಟಿಗೆ 5 ರೂಪಾಯಿ ಅಷ್ಟೇ. ನಿಮಗೆ ಡಬಲ್ ವಾಪಸ್ ಬರುತ್ತೆ" ಅನ್ನುತ್ತಾನೆ. ಕೋಡ್ ವಾಟ್ಸಾಪಿಗೇ ಬರುವುದರಿಂದ ಮನೆಯಲ್ಲಿ ಇನ್ನೊಂದು ಫೋನ್ ಇದೆಯಾ ಅಂತಲೂ ಕೇಳಬಹುದು. ಒಂದರಲ್ಲಿ ಕೋಡ್ ತೆರೆದು ಇನ್ನೊಂದರಿಂದ ಸ್ಕ್ಯಾನ್ ಮಾಡಿಸುವುದಕ್ಕೆ.

ಟೀಚರ್ ಸ್ಕ್ಯಾನ್ ಮಾಡಿ ಪಿನ್ ಹಾಕುತ್ತಾರೆ. 5 ರೂಪಾಯಿ ಹೋಗುತ್ತದೆ. ಮರುಕ್ಷಣವೇ 10 ರೂಪಾಯಿ ಬರುತ್ತದೆ. ಬ್ಯಾಂಕಿನ ಮೆಸೇಜೂ ಬರುತ್ತದೆ, ಅದು ಅಸಲಿ ಮೆಸೇಜು.

ಇಲ್ಲಿ ನಡೆದದ್ದು ಒಂದು ವ್ಯವಹಾರ ಅಲ್ಲ, ಎರಡು. ಮೊದಲನೆಯದರಲ್ಲಿ ಟೀಚರ್ ಅವನಿಗೆ 5 ರೂಪಾಯಿ ಕೊಟ್ಟರು. ಎರಡನೆಯದರಲ್ಲಿ ಅವನು ತನ್ನ ಫೋನಿನಿಂದ, ತನ್ನ ಪಿನ್ ಹಾಕಿ, 10 ರೂಪಾಯಿ ಕೊಟ್ಟ. ಎರಡಕ್ಕೂ ಸಂಬಂಧವೇ ಇಲ್ಲ. ಆದರೆ ಒಂದರ ಹಿಂದೆ ಒಂದು ತಕ್ಷಣ ನಡೆದಿದ್ದರಿಂದ, ಸ್ಕ್ಯಾನ್ ಮಾಡಿ ಪಿನ್ ಹಾಕಿದ್ದಕ್ಕೇ ದುಡ್ಡು ಬಂತು ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಅಲ್ಲಿಯವರೆಗೆ ಇದ್ದ ಅನುಮಾನವನ್ನು ಆ 10 ರೂಪಾಯಿ ಅಳಿಸಿಹಾಕುತ್ತದೆ. ಕಣ್ಣಾರೆ ಕಂಡದ್ದಲ್ವಾ? ಒಂದು ವಿಷಯ ಮಾತ್ರ ಆ ಗಡಿಬಿಡಿಯಲ್ಲಿ ಹೊಳೆಯುವುದಿಲ್ಲ. 10 ರೂಪಾಯಿಯನ್ನು ನೇರವಾಗಿ ಹಾಕಲು ಅವನಿಗೆ ಆಯಿತು ಅಂದಮೇಲೆ 8,500 ಹಾಕಲು ಯಾವ ಅಡ್ಡಿ ಇತ್ತು?

ಈಗ 8,500ರ ಕೋಡ್ ಬರುತ್ತದೆ. "ಅದೇ ಥರ ಮಾಡಿ ಮೇಡಂ, ಫೋನ್ ಕಟ್ ಮಾಡಬೇಡಿ." ಪಿನ್ ಹಾಕುತ್ತಾರೆ. 8,500 ಹೋಗುತ್ತದೆ. ಈ ಸಲ ಏನೂ ವಾಪಸ್ ಬರುವುದಿಲ್ಲ.

ಫೋನ್ ಕಟ್ ಮಾಡಬೇಡಿ ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ಕಿವಿಯಲ್ಲಿ ಒಬ್ಬ ಒಂದೇ ಸಮನೆ ಮಾತಾಡುತ್ತಿದ್ದರೆ ಕಣ್ಣು ಪರದೆಯ ಮೇಲಿನ ಅಕ್ಷರ ಓದುವುದಿಲ್ಲ. ಪಕ್ಕದಲ್ಲಿರುವವರನ್ನು ಕೇಳಲೂ ಬಿಡುವು ಸಿಗುವುದಿಲ್ಲ.

## ರೀಫಂಡ್ ಅನ್ನುವುದು ಎರಡನೇ ಸುಲಿಗೆ

ದುಡ್ಡು ಹೋಯಿತು ಅಂತ ಟೀಚರ್ ಗಾಬರಿಯಾಗುತ್ತಾರೆ. ಅವನು ಗಾಬರಿಯಾಗುವುದಿಲ್ಲ, ಫೋನೂ ಇಡುವುದಿಲ್ಲ. "ಸಾರಿ ಮೇಡಂ, ಸರ್ವರ್ ಪ್ರಾಬ್ಲಂ. ನಮ್ಮ ಅಕೌಂಟ್ಸ್ ಆಫೀಸರಿಗೆ ಕೊಡ್ತೀನಿ, ರೀಫಂಡ್ ಮಾಡ್ತಾರೆ." ಇನ್ನೊಂದು ದನಿ ಬರುತ್ತದೆ, ಸ್ವಲ್ಪ ಗತ್ತಿನದು. "ನಿಮ್ಮ 8,500 ಮತ್ತು ಮಷೀನಿನ 8,500, ಒಟ್ಟು 17,000 ರೀಫಂಡ್ ಜನರೇಟ್ ಆಗಿದೆ. ಈ ಲಿಂಕ್ ಒತ್ತಿ."

ಲಿಂಕ್ ಒತ್ತಿದರೆ ಪೇಮೆಂಟ್ ಆಪ್ ತಾನಾಗಿಯೇ ತೆರೆದುಕೊಳ್ಳುತ್ತದೆ. 17,000 ಅನ್ನುವ ಅಂಕಿ ಮೊದಲೇ ತುಂಬಿರುತ್ತದೆ. ಪಿನ್ ಹಾಕಿದರೆ ಅದೂ ಹೋಯಿತು. 8,500ರ ಮಷೀನ್ ಮಾರಲು ಹೋದವರು ಅಲ್ಲಿಗೆ 25,500 ಕಳೆದುಕೊಂಡಿರುತ್ತಾರೆ. ಖಾತೆಯಲ್ಲಿ ದುಡ್ಡು ಮುಗಿದು ಪಾವತಿ ಫೇಲ್ ಆದರೆ, ಬೇರೆ ಬ್ಯಾಂಕ್ ಇದೆಯಾ, ಮನೆಯವರ ಫೋನಿನಿಂದ ಮಾಡುತ್ತೀರಾ ಅಂತ ಕೇಳುತ್ತಾನೆ. ಹೋದದ್ದು ವಾಪಸ್ ಬರಲಿ ಅನ್ನುವ ತವಕದಲ್ಲಿ ಜನ ಅದನ್ನೂ ಮಾಡುತ್ತಾರೆ. ನನ್ನ ಪ್ರಕಾರ ಈ ಮೋಸದಲ್ಲಿ ಜಾಸ್ತಿ ಅಪಾಯದ ಘಟ್ಟ ಇದೇ. ಮೊದಲ ಸಲ ಮೋಸ ಹೋಗುವುದಕ್ಕೆ ತಿಳಿಯದಿರುವುದು ಕಾರಣ. ಎರಡನೇ ಸಲ ಕೆಲಸ ಮಾಡುವುದು ಭಯ.

ನಿಜವಾದ ರೀಫಂಡಿಗೆ ಲಿಂಕ್ ಬೇಕಿಲ್ಲ. ಅಂಗಡಿಯವರಾಗಲಿ ಕಂಪನಿಯಾಗಲಿ ರೀಫಂಡ್ ಮಾಡಿದರೆ ಅದು ತಾನಾಗಿಯೇ ಖಾತೆಗೆ ಬರುತ್ತದೆ. ನೀವು ಆ ಹೊತ್ತಿಗೆ ನಿದ್ದೆ ಮಾಡುತ್ತಿದ್ದರೂ ಬರುತ್ತದೆ.

ಇದೇ ರೀಫಂಡಿನ ಇನ್ನೊಂದು ಮುಖವೂ ಇದೆ. 5,000 ಹಾಕಬೇಕಿತ್ತು, ಕೈತಪ್ಪಿ 50,000 ಹಾಕಿಬಿಟ್ಟೆ, 45,000 ವಾಪಸ್ ಕಳಿಸಿ, ಆಸ್ಪತ್ರೆಯಲ್ಲಿದ್ದೀನಿ ಅಂತ ಅಳುತ್ತಾನೆ. 50,000 ಜಮೆ ಆದ ಹಾಗೆ ಒಂದು ಮೆಸೇಜೂ ಬಂದಿರುತ್ತದೆ. ಅದು ಬಂದಿರುವುದು ಬ್ಯಾಂಕಿನಿಂದಲ್ಲ, ಅವನೇ ಟೈಪ್ ಮಾಡಿ ಕಳಿಸಿದ್ದು. ಮೆಸೇಜ್ ನೋಡಿ ಯಾರಿಗೂ ಏನನ್ನೂ ವಾಪಸ್ ಕಳಿಸಬೇಡಿ. ಬ್ಯಾಂಕಿನ ಆಪ್ ತೆರೆದು ಬ್ಯಾಲೆನ್ಸ್ ನೋಡಿ. ಒಂದು ವೇಳೆ ನಿಜವಾಗಿಯೂ ಯಾರದ್ದೋ ದುಡ್ಡು ಬಂದಿದ್ದರೆ, ನಿಮ್ಮ ಬ್ಯಾಂಕಿನ ಮೂಲಕ ಕೇಳಿ ಅಂತ ಹೇಳಿ, ನಿಮ್ಮ ಬ್ಯಾಂಕಿಗೂ ತಿಳಿಸಿ.

## ಪರದೆಯ ಮೇಲೆ ಏನು ಓದಬೇಕು

ಮೋಸಗಾರ ಏನೇ ಕಥೆ ಹೇಳಲಿ, ಪಿನ್ ಹಾಕುವ ಪುಟ ಸುಳ್ಳು ಹೇಳುವುದಿಲ್ಲ. ಅವನು ಕಳಿಸುವ ಕ್ಯೂಆರ್ ಕೋಡ್ ಒಳಗೆ ಇರುವುದು ಇಂಥ ಒಂದು ಸಾಲು:

```
upi://pay?pa=xxxx@bank&pn=Army%20Office&am=8500&tn=Receive%20Money
```

ಇದರಲ್ಲಿ pay ಅಂದರೆ ಪಾವತಿ ಮಾಡು. pa ಅನ್ನುವುದು ದುಡ್ಡು ಸೇರಬೇಕಾದ ಯುಪಿಐ ವಿಳಾಸ, ಅಂದರೆ ಅವನದ್ದು. am ಅಂದರೆ ಮೊತ್ತ. pn ಅಂದರೆ ಹೆಸರು, tn ಅಂದರೆ ಟಿಪ್ಪಣಿ. ಕೊನೆಯ ಎರಡನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬರೆಯಬಹುದು. ಅದಕ್ಕೇ ಹೆಸರಿನ ಜಾಗದಲ್ಲಿ ಆರ್ಮಿ ಆಫೀಸ್ ಅಂತಲೂ, ಟಿಪ್ಪಣಿಯಲ್ಲಿ ದುಡ್ಡು ಪಡೆಯಿರಿ ಅಂತಲೂ ಬರೆಯುತ್ತಾನೆ. ಟಿಪ್ಪಣಿ ಓದಿ ಮೋಸ ಹೋಗಬೇಡಿ, ಅದು ಚೀಟಿ ಅಷ್ಟೇ. ರೀಫಂಡ್ ಲಿಂಕ್‌ಗಳ ಹಿಂದೆಯೂ ಹೆಚ್ಚಾಗಿ ಇದೇ ಸಾಲು ಇರುತ್ತದೆ.

ಹೆಸರಿನ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ, ಪಾವತಿಗೆ ಮುನ್ನ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ 2025ರಲ್ಲಿ ಎಲ್ಲ ಆಪ್‌ಗಳಿಗೂ ಹೇಳಿ, ಜೂನ್ 30ರ ಗಡುವು ಕೊಟ್ಟಿತು. ಹಾಗಾಗಿ ಗುರುತಿನ ಚೀಟಿಯಲ್ಲಿ ಒಂದು ಹೆಸರು, ಆಪ್‌ನಲ್ಲಿ ಇನ್ನೊಂದು ಹೆಸರು ಕಂಡರೆ ಅದೇ ಸಾಕು, ಮಾತು ನಿಲ್ಲಿಸಿ.

ಪಿನ್ ಹಾಕುವ ಪುಟದ ಮೇಲ್ಭಾಗದಲ್ಲಿ ನಿಮ್ಮ ಬ್ಯಾಂಕಿನ ಹೆಸರು, To ಅಂತ ಎದುರಿನವರ ಹೆಸರು, Sending ಅಂತ ಮೊತ್ತ ಇರುತ್ತದೆ. Sending ಅಂದರೆ ನೀವು ಕಳಿಸುತ್ತಿದ್ದೀರಿ. ಬಹಳ ಜನರ ಕಣ್ಣು ನೇರವಾಗಿ ಕೆಳಗಿನ ಅಂಕಿಗಳ ಮೇಲೆ ಹೋಗುತ್ತದೆ, ಮೇಲಿನ ಈ ಎರಡು ಸಾಲು ಓದುವುದೇ ಇಲ್ಲ. ಮನೆಯಲ್ಲಿ ಅಪ್ಪ ಅಮ್ಮನಿಗೆ ಕಲಿಸುವುದಿದ್ದರೆ ಒಂದು ರೂಪಾಯಿಯನ್ನು ನಿಮಗೇ ಕಳಿಸಲು ಹೇಳಿ, ಪಿನ್ ಹಾಕುವ ಮೊದಲು ಆ ಸಾಲುಗಳನ್ನು ಬೆರಳಿಟ್ಟು ತೋರಿಸಿ. ಇಂಗ್ಲಿಷ್ ಓದಲು ಬಾರದವರೂ ಆ ಜಾಗವನ್ನು ಗುರುತಿಟ್ಟುಕೊಳ್ಳುತ್ತಾರೆ.

ಲಿಂಕ್ ಒತ್ತಿದಾಗ ಆಪ್ ಬದಲು ಬ್ರೌಸರಿನಲ್ಲಿ ಒಂದು ಪುಟ ತೆರೆದು ಅಲ್ಲೇ ಪಿನ್ ಕೇಳಿದರೆ ಅದು ಇನ್ನೊಂದು ಬಗೆಯ ಮೋಸ. ಯುಪಿಐ ಪಿನ್ ಹಾಕುವ ಪುಟ ಆಪ್ ಒಳಗೆ ಮಾತ್ರ ಬರುತ್ತದೆ, ವೆಬ್‌ಸೈಟಿನಲ್ಲಿ ಬರುವುದಿಲ್ಲ. ಯುಪಿಐ ನಿಮ್ಮ ಸಿಮ್ಮಿಗೂ ಫೋನಿಗೂ ಜೋಡಣೆ ಆಗಿರುವುದರಿಂದ ಪಿನ್ ಒಂದೇ ಸಿಕ್ಕರೆ ಅವರು ತಮ್ಮ ಫೋನಿನಿಂದ ದುಡ್ಡು ತೆಗೆಯಲು ಆಗುವುದಿಲ್ಲ. ಆದರೂ ಅಂಥ ಕಡೆ ಪಿನ್ ಟೈಪ್ ಮಾಡಿದ್ದರೆ ಕೂಡಲೇ ಬದಲಾಯಿಸಿ. ಲಿಂಕಿನ ಜೊತೆ ಒಂದು ಆಪ್ ಇನ್‌ಸ್ಟಾಲ್ ಮಾಡಿ ಅಂದರೆ ಮಾಡಲೇಬೇಡಿ. ಅದು ನಿಮ್ಮ ಪರದೆಯನ್ನೂ ಮೆಸೇಜುಗಳನ್ನೂ ಅವರಿಗೆ ತೋರಿಸುವ ಆಪ್ ಆಗಿರುತ್ತದೆ.

ಹಿಂದೆ ಇವರು ಕೋಡ್ ಬದಲು ದುಡ್ಡು ಕೇಳುವ ರಿಕ್ವೆಸ್ಟ್ ಕಳಿಸುತ್ತಿದ್ದರು. ಮೋಸ ಹೆಚ್ಚಾಗಿದ್ದರಿಂದ, ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಅಂಥ ರಿಕ್ವೆಸ್ಟ್ ಕಳಿಸುವುದನ್ನು 2025ರ ಅಕ್ಟೋಬರ್ 1ರಿಂದ ಎನ್‌ಪಿಸಿಐ ನಿಲ್ಲಿಸಿದೆ. ಅಂಗಡಿ ಮತ್ತು ಕಂಪನಿಗಳು ಕಳಿಸುವ ರಿಕ್ವೆಸ್ಟ್ ಈಗಲೂ ಇದೆ. ಕ್ಯೂಆರ್ ಕೋಡ್ ಮತ್ತು ಲಿಂಕ್ ದಾರಿ ಹಾಗೇ ತೆರೆದಿದೆ. ಆದ್ದರಿಂದ ಈ ಮೋಸ ನಿಂತುಹೋಗಿದೆ ಅಂದುಕೊಳ್ಳಬೇಡಿ.

## ಮಾರುವಾಗ ಹೀಗೆ ಮಾಡಿ

ಜಾಹೀರಾತು ಹಾಕುವ ಮೊದಲೇ ಒಂದು ಕೆಲಸ ಮುಗಿಸಿ. ಯುಪಿಐಗೆ ಜೋಡಿಸಿದ ಖಾತೆಯಲ್ಲಿ ಸಂಬಳ, ಉಳಿತಾಯ ಎಲ್ಲ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಇನ್ನೊಂದು ಉಳಿತಾಯ ಖಾತೆ ಇದ್ದರೆ ಅದರಲ್ಲಿ ಒಂದೆರಡು ಸಾವಿರ ಮಾತ್ರ ಇಟ್ಟು, ಅದನ್ನೇ ದಿನಬಳಕೆಯ ಯುಪಿಐಗೆ ಜೋಡಿಸಿ. ಇಂಥ ಮೋಸ ನಡೆದರೂ ಆ ಖಾತೆಯಲ್ಲಿ ಇದ್ದಷ್ಟೇ ಹೋಗುತ್ತದೆ.

ಫೋನ್ ಬಂದಾಗ ಮೊದಲು ಕೇಳಬೇಕಾದದ್ದು ಒಂದೇ: "ಯಾವಾಗ ಬಂದು ನೋಡುತ್ತೀರಿ?" ನಿಜವಾಗಿ ಕೊಳ್ಳುವವರು ವಾಷಿಂಗ್ ಮಷೀನ್ ಎಷ್ಟು ಹಳೆಯದು, ಯಾಕೆ ಮಾರುತ್ತಿದ್ದೀರಿ, ಬಿಲ್ ಇದೆಯಾ ಅಂತೆಲ್ಲ ತಲೆ ತಿನ್ನುತ್ತಾರೆ. ಸಾವಿರ ರೂಪಾಯಿ ಕಡಿಮೆ ಮಾಡಿ ಅನ್ನುತ್ತಾರೆ. ಹಳೇ ಸಾಮಾನಿನ ಬಗ್ಗೆ ಒಂದೂ ಪ್ರಶ್ನೆ ಕೇಳದೆ ದುಡ್ಡಿನ ಮಾತಿಗೆ ಬರುವವರ ಜೊತೆ ಮುಂದುವರಿಯಬೇಡಿ.

ಮುಂಗಡ ಕೊಡುತ್ತೇನೆ ಅಂದರೆ ನಿಮ್ಮ ಯುಪಿಐ ನಂಬರ್ ಕೊಡಿ, ಇಲ್ಲವೇ ನಿಮ್ಮ ಆಪ್‌ನಲ್ಲಿರುವ ನಿಮ್ಮ ಕ್ಯೂಆರ್ ಕೋಡ್ ಕಳಿಸಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಅದು ಆಗುವುದಿಲ್ಲ, ನನ್ನ ಕೋಡನ್ನೇ ಸ್ಕ್ಯಾನ್ ಮಾಡಿ ಅಂದರೆ ಹೀಗೆ ಹೇಳಿ: "ನನ್ನ ನಂಬರಿಗೆ ಬರುವುದಾದರೆ ಹಾಕಿ, ಇಲ್ಲದಿದ್ದರೆ ಬಂದಾಗ ಕೈಗೆ ಕೊಡಿ." ವಾದ ಮಾಡಲು ಹೋಗಬೇಡಿ. ಮಾತು ಬೆಳೆದಷ್ಟೂ ಅವರಿಗೇ ಅನುಕೂಲ, ಅದು ಅವರ ದಿನನಿತ್ಯದ ಕಸುಬು. ಫೋನ್ ಇಟ್ಟು, ನಂಬರ್ ಬ್ಲಾಕ್ ಮಾಡಿ, ಜಾಹೀರಾತಿನ ಜಾಗದಲ್ಲೂ ರಿಪೋರ್ಟ್ ಮಾಡಿ.

ವಸ್ತು ಕೊಡುವ ದಿನ ಇನ್ನೊಂದು ಕಡೆ ಎಡವುತ್ತೇವೆ. ಬಂದವರು ಹಣ ಕಳಿಸಿದೆ ಅಂತ ತಮ್ಮ ಫೋನಿನ ಹಸಿರು ಟಿಕ್ ತೋರಿಸುತ್ತಾರೆ. ಅಂಥದ್ದೇ ಪರದೆ ತೋರಿಸುವ ನಕಲಿ ಆಪ್‌ಗಳಿವೆ, ಸ್ಕ್ರೀನ್‌ಶಾಟ್ ತಿದ್ದುವುದಂತೂ ಇನ್ನೂ ಸುಲಭ. ಅವರ ಫೋನಿನಲ್ಲಿ ಏನಿದೆ ಅನ್ನುವುದು ನಿಮಗೆ ಬೇಡ. ನಿಮ್ಮ ಬ್ಯಾಂಕಿನ ಆಪ್ ತೆರೆದು ಬ್ಯಾಲೆನ್ಸ್ ಹೆಚ್ಚಾಗಿದೆಯಾ ನೋಡಿ, ಆಮೇಲೆ ಮಷೀನ್ ಎತ್ತಲು ಬಿಡಿ. ಸರ್ವರ್ ನಿಧಾನವಾಗಿದ್ದರೆ ಕೂರಿಸಿ ಚಹಾ ಕೊಡಿ. ಅವಸರ ಅವರಿಗಿದ್ದರೆ ಅದು ಅವರ ಕಷ್ಟ.

ಮನೆಯಿಂದ ತಿಂಡಿ, ಕೇಕ್, ಊಟ ಮಾಡಿ ಮಾರುವವರಿಗೂ, ಸಣ್ಣ ಹೋಟೆಲಿನವರಿಗೂ ಇದೇ ಮೋಸ ಬೇರೆ ವೇಷದಲ್ಲಿ ಬರುತ್ತದೆ. ಕ್ಯಾಂಪಿಗೆ 40 ಊಟ ಬೇಕು ಅಂತ ಆರ್ಡರ್ ಕೊಡುತ್ತಾರೆ. ಅಡುಗೆ ಆಗುವವರೆಗೂ ದುಡ್ಡಿನ ಮಾತಿಲ್ಲ. ಊಟ ಕಟ್ಟಿಟ್ಟ ಮೇಲೆ, ಗಾಡಿ ಹೊರಟಿದೆ, ಈ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ತಗೊಳ್ಳಿ ಅನ್ನುತ್ತಾರೆ. ಮಾಡಿದ ಅಡುಗೆ ಹಾಳಾಗುತ್ತದಲ್ಲ ಅನ್ನುವ ಸಂಕಟದಲ್ಲಿ ಮಾರುವವರು ಒಪ್ಪಿಬಿಡುತ್ತಾರೆ. ದೊಡ್ಡ ಆರ್ಡರ್ ಬಂದರೆ ಒಲೆ ಹಚ್ಚುವ ಮೊದಲೇ ಅರ್ಧ ದುಡ್ಡು ನಿಮ್ಮ ಕೋಡಿಗೆ ಬಂದಿರಲಿ.

## ದುಡ್ಡು ಹೋಗಿದ್ದರೆ

ಮೊದಲು ಅವನ ಫೋನ್ ಕಟ್ ಮಾಡಿ. ಬೈಯಲು, ಬೇಡಿಕೊಳ್ಳಲು ಹೋಗಬೇಡಿ. ಇಲ್ಲಿಂದ ಮುಂದೆ ನಿಮಿಷಗಳ ಲೆಕ್ಕ. ನಿಮ್ಮ ದುಡ್ಡು ಒಂದು ಖಾತೆಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾರಿ, ಕೊನೆಗೆ ಎಲ್ಲೋ ಎಟಿಎಂನಲ್ಲಿ ನಗದಾಗುತ್ತದೆ. ಎಟಿಎಂ ತಲುಪುವ ಮೊದಲು ಯಾವುದಾದರೂ ಒಂದು ಖಾತೆಯಲ್ಲಿ ಅದನ್ನು ತಡೆದರೆ ವಾಪಸ್ ಸಿಗುವ ಆಸೆ ಇದೆ.

1930ಕ್ಕೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ಇರುವ ಸೈಬರ್ ಹಣಕಾಸು ವಂಚನೆಯ ಸಹಾಯವಾಣಿ. ಇಲ್ಲಿ ದಾಖಲಾದ ದೂರು ಪೊಲೀಸರಿಗೂ ಬ್ಯಾಂಕುಗಳಿಗೂ ಒಂದೇ ವ್ಯವಸ್ಥೆಯಲ್ಲಿ ತಲುಪುತ್ತದೆ, ದುಡ್ಡು ಯಾವ ಖಾತೆಯಲ್ಲಿದೆಯೋ ಆ ಬ್ಯಾಂಕ್ ಅದನ್ನು ತಡೆಹಿಡಿಯುತ್ತದೆ. ಲೈನ್ ಸಿಗದಿದ್ದರೆ ಕಾಯುತ್ತಾ ಕೂರಬೇಡಿ, cybercrime.gov.in ತೆರೆದು ಅಲ್ಲಿ ದೂರು ತುಂಬಿಸಲು ಶುರುಮಾಡಿ. ಕರೆ ಮಾಡುವ ಮುನ್ನ ಪೇಮೆಂಟ್ ಆಪ್‌ನ ಹಿಸ್ಟರಿ ತೆರೆದು ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ:

- ಪ್ರತಿ ಪಾವತಿಯ ಮೊತ್ತ, ದಿನಾಂಕ, ಸಮಯ
- ಪ್ರತಿ ಪಾವತಿಯ 12 ಅಂಕಿಯ ಯುಟಿಆರ್ ನಂಬರ್, ಅಂದರೆ ಆ ಪಾವತಿಯ ಗುರುತಿನ ನಂಬರ್
- ದುಡ್ಡು ಸೇರಿದ ಯುಪಿಐ ವಿಳಾಸ ಮತ್ತು ಹೆಸರು
- ನಿಮ್ಮ ಬ್ಯಾಂಕ್ ಮತ್ತು ಖಾತೆ ನಂಬರ್
- ಅವನ ಫೋನ್ ನಂಬರ್

ಇದರಲ್ಲಿ ಯುಟಿಆರ್ ನಂಬರ್ ಎಲ್ಲಕ್ಕಿಂತ ಮುಖ್ಯ, ದುಡ್ಡಿನ ಜಾಡು ಹಿಡಿಯುವುದು ಅದರಿಂದಲೇ. ಪಾವತಿ ಮೂರು ಸಲ ಆಗಿದ್ದರೆ ಮೂರು ನಂಬರನ್ನೂ ಕೊಡಿ. ವಾಟ್ಸಾಪ್ ಮಾತುಕತೆ, ಅವನು ಕಳಿಸಿದ ಕೋಡ್, ಗುರುತಿನ ಚೀಟಿ ಯಾವುದನ್ನೂ ಅಳಿಸಬೇಡಿ. ನಾಚಿಕೆಯಾಗಿ ಚಾಟ್ ಡಿಲೀಟ್ ಮಾಡಿಬಿಡುವವರಿದ್ದಾರೆ, ಆಮೇಲೆ ದೂರಿಗೆ ಆಧಾರವೇ ಉಳಿಯುವುದಿಲ್ಲ.

ಇದಾದ ತಕ್ಷಣ ನಿಮ್ಮ ಬ್ಯಾಂಕಿಗೆ ಕರೆ ಮಾಡಿ. ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ನಕಲಿ ಕಸ್ಟಮರ್ ಕೇರ್ ನಂಬರ್‌ಗಳು ಅಲ್ಲೂ ಇರುತ್ತವೆ. ಎಟಿಎಂ ಕಾರ್ಡಿನ ಹಿಂಭಾಗದಲ್ಲೋ ಪಾಸ್‌ಬುಕ್ಕಿನಲ್ಲೋ ಇರುವ ನಂಬರನ್ನೇ ಬಳಸಿ. ಖಾತೆಯ ಯುಪಿಐ ಬ್ಲಾಕ್ ಮಾಡಿಸಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಆಪ್‌ನಲ್ಲಿ ಆಟೋಪೇ ಅನ್ನುವ ಭಾಗವನ್ನೂ ಒಮ್ಮೆ ತೆರೆದು ನೋಡಿ. ನಿಮಗೆ ಗೊತ್ತಿಲ್ಲದ ಹೆಸರಿನಲ್ಲಿ ಏನಾದರೂ ಸೇರಿಕೊಂಡಿದ್ದರೆ ರದ್ದು ಮಾಡಿ. ಅವನು ಹೇಳಿದ ಆಪ್ ಇನ್‌ಸ್ಟಾಲ್ ಮಾಡಿದ್ದರೆ ಆ ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಈ ಕರೆಗಳನ್ನೆಲ್ಲ ಬೇರೆ ಫೋನಿನಿಂದ ಮಾಡಿ.

ಬ್ಯಾಂಕಿನವರು ಒಂದು ಮಾತು ಹೇಳಬಹುದು: "ಪಿನ್ ನೀವೇ ಹಾಕಿದ್ದೀರಿ, ನಾವೇನೂ ಮಾಡಲು ಆಗುವುದಿಲ್ಲ." ಇದರಲ್ಲಿ ಅರ್ಧ ನಿಜ ಇದೆ. ಗ್ರಾಹಕರಿಗೆ ಗೊತ್ತಿಲ್ಲದೆ ನಡೆದ ವಹಿವಾಟುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ನಿಯಮ ತಂದಿತು. ಅದರ ಪ್ರಕಾರ ತಪ್ಪು ಬ್ಯಾಂಕಿನದ್ದೂ ಗ್ರಾಹಕರದ್ದೂ ಅಲ್ಲದಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟ ಬೀಳುವುದಿಲ್ಲ. ಆದರೆ ಪಿನ್ ಅನ್ನು ನೀವೇ ಒತ್ತಿದಾಗ ಬ್ಯಾಂಕ್ ಅದನ್ನು ನಿಮ್ಮ ಒಪ್ಪಿಗೆ ಅಥವಾ ನಿಮ್ಮ ಅಜಾಗರೂಕತೆ ಅಂತ ಎಣಿಸುತ್ತದೆ. ಹಾಗಾಗಿ ಬ್ಯಾಂಕ್ ತನ್ನ ಕೈಯಿಂದ ತುಂಬಿಕೊಡುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳುವುದು ಕಷ್ಟ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಗ್ರಾಹಕರು ತಿಳಿಸಿದ ನಂತರವೂ ಖಾತೆಯಿಂದ ದುಡ್ಡು ಹೋದರೆ ಆ ನಷ್ಟ ಬ್ಯಾಂಕಿನದ್ದು. ನೀವು ಎಷ್ಟು ಗಂಟೆಗೆ ತಿಳಿಸಿದಿರಿ ಅನ್ನುವುದಕ್ಕೆ ದಾಖಲೆ ಇರಲಿ ಅನ್ನುವುದು ಇದಕ್ಕೇ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ದರೆ, cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕ ಇಲ್ಲ.

ಕರ್ನಾಟಕದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳಲು ಸಿಇಎನ್ ಪೊಲೀಸ್ ಠಾಣೆಗಳಿವೆ. ಹತ್ತಿರದ ಠಾಣೆಗೆ ದಾಖಲೆಗಳ ಪ್ರಿಂಟ್ ತೆಗೆದುಕೊಂಡು ಹೋಗಿ. 1930ರಲ್ಲಿ ಸಿಕ್ಕಿದ ದೂರಿನ ನಂಬರ್ ತೋರಿಸಿ, ಎಫ್‌ಐಆರ್ ಕೇಳಿ. ನಿಮ್ಮ ದುಡ್ಡಿನಲ್ಲಿ ಎಷ್ಟು ತಡೆಹಿಡಿದಿದ್ದಾರೆ, ಯಾವ ಬ್ಯಾಂಕಿನಲ್ಲಿ ಅಂತ ವಿಚಾರಿಸಿ. ಅದು ನಿಮ್ಮ ಕೈಗೆ ಬರಲು ಕೋರ್ಟಿನ ಆದೇಶ ಬೇಕಾಗಬಹುದು. ಅರ್ಜಿ ಹೇಗೆ ಹಾಕಬೇಕು ಅನ್ನುವುದನ್ನು ತನಿಖಾಧಿಕಾರಿಯನ್ನೇ ಕೇಳಿ ತಿಳಿದುಕೊಳ್ಳಿ.

ದೂರು ಕೊಟ್ಟ ಕೆಲವು ದಿನಗಳ ನಂತರ ಇನ್ನೊಂದು ಫೋನ್ ಬರಬಹುದು. "ಸೈಬರ್ ಸೆಲ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ದುಡ್ಡು ಸಿಕ್ಕಿದೆ. ಪ್ರೊಸೆಸಿಂಗ್ ಫೀ ಕಟ್ಟಿ" ಅಂತಲೋ, "ಈ ಲಿಂಕ್ ಒತ್ತಿ ಪಿನ್ ಹಾಕಿ" ಅಂತಲೋ. ಒಮ್ಮೆ ಮೋಸ ಹೋದವರ ನಂಬರು, ಕಳೆದುಕೊಂಡ ಮೊತ್ತ ಎಲ್ಲ ಇವರ ಬಳಿ ಇರುತ್ತದೆ, ಅದಕ್ಕೇ ಅಷ್ಟು ಖಚಿತವಾಗಿ ಮಾತಾಡುತ್ತಾರೆ. ಪೊಲೀಸರು ದುಡ್ಡು ವಾಪಸ್ ಕೊಡಿಸಲು ಫೀ ಕೇಳುವುದಿಲ್ಲ, ಲಿಂಕನ್ನೂ ಕಳಿಸುವುದಿಲ್ಲ. ಅಂಥ ಕರೆ ಬಂದರೆ ಇಟ್ಟುಬಿಡಿ. ದೂರು ಎಲ್ಲಿಗೆ ಬಂತು ಅಂತ ತಿಳಿಯಬೇಕಿದ್ದರೆ ನೀವೇ cybercrime.gov.in ತೆರೆದು ದೂರಿನ ನಂಬರ್ ಹಾಕಿ ನೋಡಿ, ಇಲ್ಲವೇ ಠಾಣೆಗೆ ಹೋಗಿ ಕೇಳಿ.